ಆಸ್ಪತ್ರೆ ಬಾಕಿ ಕಟ್ಟೋಕೆ ಆಗ್ತಿಲ್ವಾ? ಬಿಲ್ಲಿಂಗ್ ಆಫೀಸಿಗೆ ಬರೆಯೋ ಪತ್ರ ಹೀಗಿರಲಿ

(ಪಾಡ್‌ಕಾಸ್ಟ್ ಸಂಚಿಕೆಯ ಲಿಖಿತ ರೂಪ)

ಇವತ್ತಿನ ಸಂಚಿಕೆ ಒಂದೇ ಒಂದು ಪತ್ರದ ಬಗ್ಗೆ. ಮನೆಯಲ್ಲಿ ಯಾರಿಗೋ ಆಪರೇಷನ್ ಆಗಿದೆ. ಅರ್ಧ ದುಡ್ಡು ಕಟ್ಟಿದ್ದೀರಿ, ಉಳಿದದ್ದನ್ನ ಒಂದು ತಿಂಗಳಲ್ಲಿ ಕಟ್ತೀವಿ ಅಂತ ಬರೆದುಕೊಟ್ಟು ಡಿಸ್ಚಾರ್ಜ್ ಮಾಡಿಸಿಕೊಂಡು ಬಂದಿದ್ದೀರಿ. ಆಮೇಲೆ ಇದ್ದಕ್ಕಿದ್ದ ಹಾಗೆ ಕೆಲಸ ಹೋಯ್ತು. ಈಗ ಬಿಲ್ಲಿಂಗ್ ಆಫೀಸಿಗೆ ಏನಂತ ಬರೀಬೇಕು? ಸ್ವಲ್ಪ ಮನ್ನಾ ಮಾಡಿ, ಉಳಿದದ್ದಕ್ಕೆ ಕಂತು ಕೊಡಿ ಅಂತ ಕೇಳೋದು ಹೇಗೆ?

ಹೆಚ್ಚಿನವರು ಬರೆಯೋ ಪತ್ರ ಹೀಗಿರುತ್ತೆ: "ನಾವು ತುಂಬಾ ಕಷ್ಟದಲ್ಲಿದ್ದೇವೆ, ದಯವಿಟ್ಟು ಸಾಧ್ಯವಾದಷ್ಟು ಕಡಿಮೆ ಮಾಡಿ." ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ ಓದಿದವರು ಇದನ್ನ ಇಟ್ಕೊಂಡು ಏನೂ ಮಾಡೋಕೆ ಆಗಲ್ಲ. ಯಾಕೆ ಅಂತ ಮೊದಲು ನೋಡೋಣ.

ಕೌಂಟರಿನಲ್ಲಿ ಕೂತವರ ಕೈಯಲ್ಲಿ ಏನಿರುತ್ತೆ?

ಬಿಲ್ಲಿಂಗ್ ಕೌಂಟರಿನಲ್ಲಿ ಕೂತಿರೋ ಹುಡುಗ ಅಥವಾ ಹುಡುಗಿಗೆ ಸಾಮಾನ್ಯವಾಗಿ ಬಿಲ್ ಕಡಿಮೆ ಮಾಡೋ ಅಧಿಕಾರ ಇರಲ್ಲ, ಇದ್ದರೂ ತೀರಾ ಸಣ್ಣ ಮೊತ್ತಕ್ಕೆ ಮಾತ್ರ. ಅದಕ್ಕಿಂತ ಮೇಲಿನದು ಬಿಲ್ಲಿಂಗ್ ಮ್ಯಾನೇಜರ್ ಹತ್ರ ಹೋಗುತ್ತೆ, ಅಲ್ಲಿಂದ ಮೆಡಿಕಲ್ ಸೂಪರಿಂಟೆಂಡೆಂಟ್ ಅಥವಾ ಆಡಳಿತಾಧಿಕಾರಿ ಟೇಬಲ್ಲಿಗೆ. ಟ್ರಸ್ಟ್ ನಡೆಸೋ ಆಸ್ಪತ್ರೆ ಆದರೆ ಟ್ರಸ್ಟ್ ಕಚೇರಿಗೂ ಹೋಗಬಹುದು. ಅಂದ್ರೆ ನಿಮ್ಮ ಮುಖ ನೋಡಿದವರು ಒಬ್ಬರು, ಸಹಿ ಹಾಕೋರು ಇನ್ನೊಬ್ಬರು. ಸಹಿ ಹಾಕೋರಿಗೆ ನಿಮ್ಮ ಕಣ್ಣೀರು ಕಾಣಲ್ಲ, ಕಾಗದ ಮಾತ್ರ ಕಾಣುತ್ತೆ. ಆ ಕಾಗದ ನೋಡಿ ಅವರು "ಇಷ್ಟು ಬಿಡಿ, ಉಳಿದದ್ದು ಇಷ್ಟು ಕಂತಲ್ಲಿ ತಗೊಳ್ಳಿ" ಅಂತ ಒಂದು ಸಾಲು ಬರೆದು ಸಹಿ ಹಾಕುವ ಹಾಗಿರಬೇಕು.

ನಾನು ಬಿ.ಕಾಂ ಓದಿದವನು, ಹಾಗಾಗಿ ಲೆಕ್ಕದ ಕಡೆಯಿಂದಲೇ ಹೇಳ್ತೀನಿ. ಆಸ್ಪತ್ರೆ ಬಿಲ್ ಅಂದ್ರೆ ಒಂದೇ ಮೊತ್ತ ಅಲ್ಲ. ಅದರಲ್ಲಿ ಮೂರು ಪಾಲು ಇರುತ್ತೆ. ಮೊದಲನೆಯದು ಆಸ್ಪತ್ರೆಯ ಸ್ವಂತ ಪಾಲು: ವಾರ್ಡ್ ಬಾಡಿಗೆ, ನರ್ಸಿಂಗ್, ಆಪರೇಷನ್ ಥಿಯೇಟರ್ ಚಾರ್ಜು, ಅಲ್ಲೇ ಮಾಡಿದ ರಕ್ತಪರೀಕ್ಷೆ, ಎಕ್ಸ್‌ರೇ. ಎರಡನೆಯದು ಡಾಕ್ಟರ್ ಫೀಸು. ಹೊರಗಿಂದ ಬರೋ ಕನ್ಸಲ್ಟೆಂಟ್ ಆದರೆ ಇದರ ಬಹುಪಾಲು ಅವರ ಜೇಬಿಗೆ ಹೋಗುತ್ತೆ. ಮೂರನೆಯದು ಔಷಧಿ, ಇಂಪ್ಲಾಂಟ್, ಹತ್ತಿ-ಸಿರಿಂಜು ಥರದ ಸಾಮಾನು. ಇದಕ್ಕೆ ಆಸ್ಪತ್ರೆ ಹೊರಗಿನ ಸಪ್ಲೈಯರ್‌ಗೆ ದುಡ್ಡು ಕೊಟ್ಟಿರುತ್ತೆ ಅಥವಾ ಕೊಡಬೇಕಾಗಿರುತ್ತೆ.

ಮನ್ನಾ ಸಿಗೋದು ಮುಖ್ಯವಾಗಿ ಮೊದಲನೇ ಪಾಲಿನಲ್ಲಿ. ಎರಡನೆಯದರಲ್ಲಿ ಸಿಗಬೇಕಾದರೆ ಆ ಡಾಕ್ಟರನ್ನೇ ಕೇಳಬೇಕು, ಅವರ ಪರವಾಗಿ ಬಿಲ್ಲಿಂಗ್ ಆಫೀಸು ಬಿಟ್ಟುಕೊಡೋಕೆ ಬರಲ್ಲ. ಮೂರನೆಯದರಲ್ಲಿ ಸಿಗೋದು ತುಂಬಾ ಕಷ್ಟ. ಅದನ್ನ ಕಂತಿಗೆ ಹಾಕಿಸಬಹುದು ಅಷ್ಟೆ. ಇಷ್ಟು ಗೊತ್ತಿದ್ದರೆ ಪತ್ರ ಅರ್ಧ ಬರೆದ ಹಾಗೆ.

ಒಂದು ಉದಾಹರಣೆ ಇಟ್ಕೊಳ್ಳೋಣ

ಹುಬ್ಬಳ್ಳಿ ಕಡೆಯ ಒಬ್ಬ ಹುಡುಗ ಅಂದುಕೊಳ್ಳಿ. ಬೆಂಗಳೂರಲ್ಲಿ ಒಂದು ಕಂಪನೀಲಿ ಕೆಲಸ, ಕೈಗೆ 31,000 ರೂಪಾಯಿ ಸಂಬಳ. ಊರಲ್ಲಿ ಅಪ್ಪ ಟೈಲರ್. ಅಪ್ಪ ಬೈಕಿಂದ ಬಿದ್ದು ಸೊಂಟದ ಮೂಳೆ ಮುರೀತು, ಖಾಸಗಿ ಆಸ್ಪತ್ರೆಯಲ್ಲಿ ಆಪರೇಷನ್ ಆಯ್ತು. ಇನ್ಶೂರೆನ್ಸ್ ಇಲ್ಲ. ಒಟ್ಟು ಬಿಲ್ 2,84,000 ರೂಪಾಯಿ. ಮುಂಗಡ ಮತ್ತು ಡಿಸ್ಚಾರ್ಜ್ ದಿನದ್ದು ಸೇರಿ 1,50,000 ಕಟ್ಟಿದ್ದಾರೆ. ಬಾಕಿ 1,34,000. ಇದನ್ನ 30 ದಿನದಲ್ಲಿ ಕಟ್ತೀವಿ ಅಂತ ಮುಚ್ಚಳಿಕೆ ಬರೆದುಕೊಟ್ಟು ಜೂನ್ 3ಕ್ಕೆ ಮನೆಗೆ ಬಂದರು. ಜೂನ್ 15ಕ್ಕೆ ಹುಡುಗನ ಕೆಲಸ ಹೋಯ್ತು. ಅಪ್ಪ ಮೂರು ತಿಂಗಳು ಹೊಲಿಗೆ ಯಂತ್ರ ತುಳಿಯೋ ಹಾಗಿಲ್ಲ. ಅಮ್ಮ ಹಾಸ್ಟೆಲ್ ಒಂದರಲ್ಲಿ ಅಡುಗೆ ಮಾಡಿ ತರೋ 9,000 ರೂಪಾಯಿಯಲ್ಲಿ ಮನೆ ನಡೀಬೇಕು.

ಇವನು ಜುಲೈ 3ರವರೆಗೆ ಕಾಯಬಾರದು. ಗಡುವು ಮುಗಿಯೋಕೆ ಮುಂಚೆ ಬರೆದ ಪತ್ರಕ್ಕೂ, ಮುಗಿದ ಮೇಲೆ ಎರಡು ಸಲ ಫೋನ್ ಎತ್ತದೆ ಆಮೇಲೆ ಬರೆದ ಪತ್ರಕ್ಕೂ ತುಂಬಾ ವ್ಯತ್ಯಾಸ ಇದೆ. ಮೊದಲನೆಯದರಲ್ಲಿ ನೀವು ಮಾತಿಗೆ ನಿಂತಿರೋ ಮನುಷ್ಯ. ಎರಡನೆಯದರಲ್ಲಿ ನಿಮ್ಮ ಕಡತ ಆಗಲೇ ವಸೂಲಿ ಪಟ್ಟಿಗೆ ಹೋಗಿರುತ್ತೆ.

ಪತ್ರಕ್ಕೆ ಮುಂಚೆ: ಬಿಲ್ ಓದಿ

ಪತ್ರ ಬರೆಯೋ ಮೊದಲು ಐಟಮ್‌ವಾರು ಬಿಲ್ ಕೇಳಿ ತಗೊಳ್ಳಿ. ಕೊನೆಯ ಪುಟದಲ್ಲಿ ಒಟ್ಟು ಮೊತ್ತ ಇರೋ ಸಾರಾಂಶ ಸಾಲದು. ದಿನಕ್ಕೆ ಎಷ್ಟು ಬಾಡಿಗೆ, ಯಾವ ಔಷಧಿ ಎಷ್ಟು, ಯಾವ ಪರೀಕ್ಷೆ ಎಷ್ಟು ಸಲ, ಎಲ್ಲಾ ಇರಬೇಕು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2018ರಲ್ಲಿ ರೂಪಿಸಿದ ರೋಗಿಗಳ ಹಕ್ಕುಗಳ ಸನ್ನದಿನಲ್ಲಿ ವಿವರವಾದ ಬಿಲ್ ಪಡೆಯೋದು ರೋಗಿಯ ಹಕ್ಕು ಅಂತಲೇ ಇದೆ. ಹಾಗಾಗಿ ಹಿಂಜರೀಬೇಡಿ.

ಬಿಲ್ ಕೈಗೆ ಬಂದ ಮೇಲೆ ಮೂರು ಕಡೆ ಕಣ್ಣಾಡಿಸಿ. ವಾರ್ಡಿನಲ್ಲಿ ಇದ್ದ ದಿನಗಳ ಸಂಖ್ಯೆ ಸರಿ ಇದೆಯಾ? ಒಂದೇ ಪರೀಕ್ಷೆ ಒಂದೇ ದಿನ ಎರಡು ಸಲ ಬಂದಿದೆಯಾ? ಬಳಸದೆ ಫಾರ್ಮಸಿಗೆ ವಾಪಸ್ ಕೊಟ್ಟ ಔಷಧಿಯ ದುಡ್ಡು ಕಳೆದಿದ್ದಾರಾ? ತಪ್ಪು ಹೆಚ್ಚಾಗಿ ಸಿಗೋದು ಮೂರನೆಯದರಲ್ಲೇ. ನಮ್ಮ ಉದಾಹರಣೆಯ ಹುಡುಗನಿಗೂ ವಾಪಸ್ ಕೊಟ್ಟ 4,000 ರೂಪಾಯಿ ಔಷಧಿ ಬಿಲ್ಲಲ್ಲಿ ಹಾಗೇ ಉಳಿದಿರೋದು ಸಿಕ್ತು. ರಿಟರ್ನ್ ಚೀಟಿ ಅವನ ಹತ್ರ ಇತ್ತು. ಅದನ್ನ ತೋರಿಸಿ ತಿದ್ದಿಸಿದ ಮೇಲೆ ಬಿಲ್ 2,80,000, ಬಾಕಿ 1,30,000.

ಈ ಕ್ರಮ ಯಾಕೆ ಮುಖ್ಯ ಅಂದ್ರೆ, ನಿಮ್ಮ ಪತ್ರ ಸಾಲವನ್ನ ಒಪ್ಪಿಕೊಳ್ಳೋ ದಾಖಲೆಯೂ ಹೌದು. "ನಾನು ನಿಮಗೆ 1,34,000 ಕೊಡಬೇಕು" ಅಂತ ಸಹಿ ಹಾಕಿದ ಮೇಲೆ, ಅದರಲ್ಲಿ 4,000 ತಪ್ಪು ಅಂತ ವಾದ ಮಾಡೋದು ಕಷ್ಟ. ಕಾನೂನಿನಲ್ಲಿ ಇಂಥ ಬಾಕಿಗೆ ದಾವೆ ಹಾಕೋಕೆ ಸಾಮಾನ್ಯವಾಗಿ ಮೂರು ವರ್ಷದ ಗಡುವು ಇರುತ್ತೆ. ಆ ಗಡುವಿನೊಳಗೆ ನೀವು ಲಿಖಿತವಾಗಿ ಒಪ್ಪಿಕೊಂಡರೆ ಆ ದಿನದಿಂದ ಮೂರು ವರ್ಷ ಮತ್ತೆ ಹೊಸದಾಗಿ ಶುರುವಾಗುತ್ತೆ. ಇದಕ್ಕೆ ಹೆದರಬೇಕಾಗಿಲ್ಲ. ಆದರೆ ಒಪ್ಪಿಕೊಳ್ಳೋ ಮೊತ್ತ ಸರಿಯಾದ ಮೊತ್ತ ಆಗಿರಲಿ.

ಎಷ್ಟು ಕೇಳೋದು?

ಈಗ ತಿದ್ದಿದ ಬಿಲ್ಲನ್ನ ಮೂರು ಪಾಲು ಮಾಡಿ ನೋಡೋಣ. ಆಸ್ಪತ್ರೆಯ ಸ್ವಂತ ಪಾಲು 1,14,500. ಡಾಕ್ಟರ್‌ಗಳ ಫೀಸು 62,000. ಔಷಧಿ ಮತ್ತು ಇಂಪ್ಲಾಂಟ್ 1,03,500. ಒಟ್ಟು 2,80,000.

ಹುಡುಗ 1,30,000 ಬಾಕಿಯನ್ನ ಪೂರ್ತಿ ಮನ್ನಾ ಮಾಡಿ ಅಂತ ಕೇಳಿದರೆ ಏನಾಗುತ್ತೆ? ಆಸ್ಪತ್ರೆ ತನ್ನ ಪಾಲನ್ನ ಪೂರ್ತಿ ಬಿಟ್ಟರೂ ಸಾಲಲ್ಲ, ಮೇಲೆ ಕೈಯಿಂದ 15,500 ಹಾಕಬೇಕು. ಅಂಥ ಪತ್ರಕ್ಕೆ "ಸಾಧ್ಯವಿಲ್ಲ" ಅಂತ ಬರೆಯೋದು ಸುಲಭ. ಅದರ ಬದಲು ಅವನು ಆಸ್ಪತ್ರೆಯ ಪಾಲಿನಿಂದ 40,000 ಮನ್ನಾ ಕೇಳ್ತಾನೆ, ಅಂದ್ರೆ ಆ ಪಾಲಿನ ಸುಮಾರು ಮೂರನೇ ಒಂದು ಭಾಗ. ಉಳಿದ 90,000ಕ್ಕೆ ಕಂತು ಕೇಳ್ತಾನೆ.

ಕಂತಿನಲ್ಲಿ ಜನ ಮಾಡೋ ದೊಡ್ಡ ತಪ್ಪು, ಮುಜುಗರಕ್ಕೆ ಬಿದ್ದು ಜಾಸ್ತಿ ಮೊತ್ತ ಒಪ್ಪಿಕೊಳ್ಳೋದು. ತಿಂಗಳಿಗೆ 15,000 ಅಂತ ಬರೆದುಕೊಟ್ಟು ಎರಡನೇ ತಿಂಗಳೇ ತಪ್ಪಿದರೆ ಇಡೀ ಒಪ್ಪಂದ ಮುರಿಯುತ್ತೆ, ಮನ್ನಾ ಕೂಡ ವಾಪಸ್ ಹೋಗಬಹುದು. ಕೆಲಸ ಇಲ್ಲದ ತಿಂಗಳಲ್ಲಿ ಏನು ಕಟ್ಟೋಕೆ ಆಗುತ್ತೋ ಅಲ್ಲಿಂದ ಶುರು ಮಾಡಬೇಕು. ಹಾಗಾಗಿ ಅವನ ಲೆಕ್ಕ ಹೀಗೆ: ಜುಲೈ, ಆಗಸ್ಟ್, ಸೆಪ್ಟೆಂಬರ್ ತಲಾ 3,000. ಅಲ್ಲಿಗೆ 9,000. ಅಷ್ಟೊತ್ತಿಗೆ ಅಪ್ಪ ಯಂತ್ರದ ಮುಂದೆ ಕೂರಬಹುದು, ಇವನಿಗೂ ಒಂದು ಕೆಲಸ ಸಿಕ್ಕಿರಬಹುದು. ಅಕ್ಟೋಬರ್‌ನಿಂದ 12 ತಿಂಗಳು ತಲಾ 6,750. ಅದು 81,000. ಎರಡೂ ಸೇರಿ 90,000, ಒಟ್ಟು 15 ತಿಂಗಳು. ಮೊದಲು ಸಣ್ಣದು, ಆಮೇಲೆ ದೊಡ್ಡದು. ಆದರೆ ಒಂದು ತಿಂಗಳೂ ಸೊನ್ನೆ ಇಲ್ಲ. ಮೊದಲ ಕಂತು 3,000 ಆದರೂ ಅದು ಹೇಳಿದ ದಿನವೇ ಬರೋದು ಆಫೀಸಿನವರಿಗೆ ಮುಖ್ಯ.

ಪತ್ರ ಹೀಗಿರಲಿ

ಪತ್ರ ಒಂದು ಪುಟ ದಾಟದಿರಲಿ. ಬಿಲ್ಲಿಂಗ್ ಮ್ಯಾನೇಜರ್ ಹೆಸರಿಗೆ ಬರೆದು, ಪ್ರತಿಯನ್ನ ಮೆಡಿಕಲ್ ಸೂಪರಿಂಟೆಂಡೆಂಟ್‌ಗೆ ಕೊಡಿ. ಮೆಡಿಕಲ್ ಕಾಲೇಜಿಗೆ ಸೇರಿದ ಅಥವಾ ಟ್ರಸ್ಟ್ ನಡೆಸೋ ಆಸ್ಪತ್ರೆ ಆದರೆ ಅಲ್ಲಿ ಮೆಡಿಕಲ್ ಸೋಶಿಯಲ್ ವರ್ಕ್ ವಿಭಾಗ ಇದೆಯಾ ಅಂತ ವಿಚಾರಿಸಿ. ಇದ್ದರೆ ಮೊದಲು ಅಲ್ಲಿಗೆ ಹೋಗಿ. ಮನೆಯ ಸ್ಥಿತಿ ವಿಚಾರಿಸಿ ರಿಯಾಯಿತಿಗೆ ಶಿಫಾರಸು ಬರೆಯೋದು ಅವರ ಕೆಲಸವೇ. ನಮ್ಮ ಹುಡುಗನ ಪತ್ರ ಹೀಗಿದೆ:

> ದಿನಾಂಕ: ಜೂನ್ 20
>
> ಬಿಲ್ಲಿಂಗ್ ಮ್ಯಾನೇಜರ್ ಅವರಿಗೆ,
>
> ವಿಷಯ: ಬಾಕಿ ರೂ. 1,30,000ರಲ್ಲಿ ರೂ. 40,000 ಮನ್ನಾ ಮತ್ತು ಉಳಿದ ರೂ. 90,000ಕ್ಕೆ 15 ತಿಂಗಳ ಕಂತು ಕೋರಿ ಮನವಿ
>
> ರೋಗಿಯ ಹೆಸರು, ಆಸ್ಪತ್ರೆ ನೋಂದಣಿ ಸಂಖ್ಯೆ, ಒಳರೋಗಿ ಸಂಖ್ಯೆ, ಬಿಲ್ ಸಂಖ್ಯೆ, ಡಿಸ್ಚಾರ್ಜ್ ದಿನಾಂಕ: ___
>
> ಮಾನ್ಯರೇ,
>
> ನನ್ನ ತಂದೆಯವರು ನಿಮ್ಮಲ್ಲಿ ಸೊಂಟದ ಮೂಳೆಯ ಶಸ್ತ್ರಚಿಕಿತ್ಸೆ ಪಡೆದು ಜೂನ್ 3ರಂದು ಬಿಡುಗಡೆಯಾಗಿದ್ದಾರೆ. ತಿದ್ದಿದ ಬಿಲ್ಲಿನ ಪ್ರಕಾರ ಒಟ್ಟು ಮೊತ್ತ ರೂ. 2,80,000. ನಾವು ರೂ. 1,50,000 ಪಾವತಿಸಿದ್ದೇವೆ. ಬಾಕಿ ರೂ. 1,30,000 ಅನ್ನು ಜುಲೈ 3ರೊಳಗೆ ಕಟ್ಟುವುದಾಗಿ ಬರೆದುಕೊಟ್ಟಿದ್ದೆವು.
>
> ಜೂನ್ 15ರಂದು ನನ್ನ ಕೆಲಸ ಹೋಗಿದೆ. ಆವರೆಗೆ ನನ್ನ ಸಂಬಳ ತಿಂಗಳಿಗೆ ರೂ. 31,000 ಇತ್ತು. ತಂದೆಯವರು ಮೂರು ತಿಂಗಳು ಕೆಲಸ ಮಾಡಬಾರದೆಂದು ವೈದ್ಯರು ತಿಳಿಸಿದ್ದಾರೆ. ಸದ್ಯ ತಾಯಿಯವರ ರೂ. 9,000 ಮಾತ್ರ ಮನೆಯ ಆದಾಯ. ಆದ್ದರಿಂದ ಜುಲೈ 3ಕ್ಕೆ ಪೂರ್ತಿ ಮೊತ್ತ ಕಟ್ಟಲು ಆಗುವುದಿಲ್ಲ.
>
> ನನ್ನ ಕೋರಿಕೆ ಎರಡು. ಒಂದು, ವಾರ್ಡ್, ನರ್ಸಿಂಗ್, ಆಪರೇಷನ್ ಥಿಯೇಟರ್ ಮತ್ತು ಪರೀಕ್ಷೆಗಳ ಶುಲ್ಕವಾದ ರೂ. 1,14,500ರಲ್ಲಿ ರೂ. 40,000 ಮನ್ನಾ ಮಾಡಬೇಕು. ಎರಡು, ಉಳಿದ ರೂ. 90,000 ಅನ್ನು ಬಡ್ಡಿಯಿಲ್ಲದೆ ಕಂತಿನಲ್ಲಿ ಸ್ವೀಕರಿಸಬೇಕು: ಜುಲೈನಿಂದ ಸೆಪ್ಟೆಂಬರ್‌ವರೆಗೆ ಪ್ರತಿ ತಿಂಗಳ 10ನೇ ತಾರೀಖು ರೂ. 3,000, ಅಕ್ಟೋಬರ್‌ನಿಂದ 12 ತಿಂಗಳು ರೂ. 6,750. ಕೆಲಸ ಸಿಕ್ಕ ಕೂಡಲೇ ತಿಳಿಸುತ್ತೇನೆ ಮತ್ತು ಸಾಧ್ಯವಾದರೆ ಬೇಗ ತೀರಿಸುತ್ತೇನೆ.
>
> ತಮ್ಮ ತೀರ್ಮಾನವನ್ನು ಜುಲೈ 1ರೊಳಗೆ ಲಿಖಿತವಾಗಿ ಅಥವಾ ಇಮೇಲ್ ಮೂಲಕ ತಿಳಿಸಬೇಕೆಂದು ಕೋರುತ್ತೇನೆ.
>
> ಲಗತ್ತು: ಕೆಲಸದಿಂದ ತೆಗೆದ ಪತ್ರ, ಮೂರು ತಿಂಗಳ ಸಂಬಳ ಚೀಟಿ, ಆರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್, ವೈದ್ಯರ ವಿಶ್ರಾಂತಿ ಪ್ರಮಾಣಪತ್ರ, ರೇಷನ್ ಕಾರ್ಡ್ ಪ್ರತಿ, ಪಾವತಿ ರಸೀದಿಗಳು.
>
> ಇಂತಿ,
> (ಹೆಸರು, ಸಹಿ, ಫೋನ್)

ಗಮನಿಸಿ, ಇದರಲ್ಲಿ "ಬಡವರು", "ದಿಕ್ಕಿಲ್ಲ" ಅನ್ನೋ ಮಾತು ಎಲ್ಲೂ ಇಲ್ಲ. ಮೊದಲು ಏನಿತ್ತು, ಯಾವ ದಿನ ಏನಾಯ್ತು, ಈಗ ಏನಿದೆ, ಅಷ್ಟೇ. ಒಂದೊಂದು ಮಾತಿಗೂ ಒಂದೊಂದು ಕಾಗದ ಲಗತ್ತಿಸಿದೆ.

ನಿಮ್ಮ ಹತ್ರ ಕೆಲಸದಿಂದ ತೆಗೆದ ಪತ್ರ ಇಲ್ಲ ಅಂದ್ರೆ? ಎಷ್ಟೋ ಕಂಪನಿಗಳು ಬಾಯಲ್ಲೇ ಹೇಳಿ ಕಳಿಸ್ತಾರೆ. ಆಗ ಬ್ಯಾಂಕ್ ಸ್ಟೇಟ್‌ಮೆಂಟೇ ಸಾಕ್ಷಿ. ಪ್ರತಿ ತಿಂಗಳು ಬರ್ತಿದ್ದ ಸಂಬಳ ನಿಂತಿದ್ದು ಅದರಲ್ಲಿ ಕಾಣುತ್ತೆ. ಡೆಲಿವರಿ ಅಥವಾ ಕ್ಯಾಬ್ ಓಡಿಸೋರಾದರೆ ಆ್ಯಪಿನಲ್ಲಿರೋ ವಾರದ ಗಳಿಕೆಯ ಸ್ಕ್ರೀನ್‌ಶಾಟ್ ಪ್ರಿಂಟ್ ತೆಗೆಸಿ. ವೈದ್ಯರ ಪ್ರಮಾಣಪತ್ರವನ್ನ ಮುಂದಿನ ತಪಾಸಣೆಗೆ ಹೋದಾಗ ಕೇಳಿ ತಗೊಳ್ಳಿ. ಅದೇ ಸಮಯದಲ್ಲಿ ಡಾಕ್ಟರ್ ಹತ್ರ ಅವರ ಫೀಸಿನ ಬಗ್ಗೆಯೂ ಎರಡು ನಿಮಿಷ ಮಾತಾಡಿ. ಅವರು ಒಪ್ಪಿದರೆ ಬಿಲ್ಲಿನ ಪ್ರತಿಯ ಮೇಲೆ ಅಥವಾ ಲೆಟರ್‌ಹೆಡ್ಡಿನಲ್ಲಿ ಬರೆದು ಸಹಿ ಹಾಕಿಸಿಕೊಳ್ಳಿ. "ನಾನು ಹೇಳ್ತೀನಿ ಹೋಗಿ" ಅನ್ನೋ ಮಾತು ಕೌಂಟರ್ ತಲುಪೋದರೊಳಗೆ ಮಾಯ ಆಗಿರುತ್ತೆ.

ಪತ್ರ ಕೊಡುವಾಗ ಎರಡು ಪ್ರತಿ ಒಯ್ಯಿರಿ. ಒಂದರ ಮೇಲೆ ಆಸ್ಪತ್ರೆ ಸೀಲು, ದಿನಾಂಕ ಹಾಕಿಸಿಕೊಂಡು ವಾಪಸ್ ತನ್ನಿ. ಅದೇ ದಿನ ಇಮೇಲ್ ಕೂಡ ಮಾಡಿ. ಜುಲೈ 3ರ ಗಡುವಿಗೆ ಮುಂಚೆಯೇ ನೀವು ಕೇಳಿದ್ದಿರಿ ಅನ್ನೋದಕ್ಕೆ ಇದೇ ಆಧಾರ.

ಉತ್ತರ ಬಂದಾಗ

ಕೇಳಿದ್ದು ಹಾಗೇ ಸಿಗೋದು ಕಮ್ಮಿ. ನಮ್ಮ ಉದಾಹರಣೆಯಲ್ಲಿ ಆಸ್ಪತ್ರೆ ಹೀಗೆ ಹೇಳ್ತು ಅಂದುಕೊಳ್ಳೋಣ: ನಮ್ಮ ಪಾಲಿನಿಂದ 25,000 ಬಿಡ್ತೀವಿ, ಸರ್ಜನ್ ತಮ್ಮ ಫೀಸಿನಲ್ಲಿ 6,000 ಬಿಟ್ಟಿದ್ದಾರೆ, ಉಳಿದ 99,000 ಒಂದು ವರ್ಷದಲ್ಲಿ ಮುಗಿಸಿ. ಮೊದಲ ಮೂರು ತಿಂಗಳು 3,000, ಆಮೇಲೆ ಒಂಬತ್ತು ತಿಂಗಳು 10,000.

ಇಲ್ಲಿ ಮನ್ನಾ ಮೊತ್ತದ ಮೇಲೆ ಮತ್ತೆ ಹಗ್ಗಜಗ್ಗಾಟ ಮಾಡೋದಕ್ಕಿಂತ ಅವಧಿಯನ್ನ ಕೇಳೋದು ಜಾಣತನ. ಹುಡುಗ ಬರೀತಾನೆ: "31,000 ರಿಯಾಯಿತಿಗೆ ಧನ್ಯವಾದಗಳು. ತಿಂಗಳಿಗೆ 10,000 ಎಂದು ಒಪ್ಪಿ ತಪ್ಪಿಸಲು ನನಗೆ ಇಷ್ಟವಿಲ್ಲ. ಅಕ್ಟೋಬರ್‌ನಿಂದ 12 ತಿಂಗಳು 7,500ರಂತೆ ಕೊಡಿ." 9,000 ಮತ್ತು 90,000, ಅದೇ 99,000. ಆಸ್ಪತ್ರೆಗೆ ಒಂದು ರೂಪಾಯಿ ನಷ್ಟ ಇಲ್ಲ, ಮೂರು ತಿಂಗಳು ತಡ ಅಷ್ಟೆ. ಇಂಥ ಕೋರಿಕೆಗೆ ಹೂಂ ಅನ್ನೋದು ಸಹಿ ಹಾಕೋರಿಗೂ ಸುಲಭ.

ನಿಜವಾಗ್ಲೂ ಮನ್ನಾ ಆಗಿದೆ ಅಂತ ಗೊತ್ತಾಗೋದು ಹೇಗೆ? ಎರಡು ಕಾಗದ ಕೈಯಲ್ಲಿರಬೇಕು. ಒಂದು, ರಿಯಾಯಿತಿ ಕಳೆದು ಬಾಕಿ 99,000 ಅಂತ ತೋರಿಸೋ ಹೊಸ ಬಿಲ್. ಎರಡು, ಕಂತಿನ ತಾರೀಖು ಮತ್ತು ಮೊತ್ತ ಇರೋ ಪತ್ರ ಅಥವಾ ಇಮೇಲ್. "ಆಯ್ತು, ನೋಡೋಣ, ಕಟ್ತಾ ಇರಿ" ಅಂದರೆ ಏನೂ ಆಗಿಲ್ಲ ಅಂತಲೇ ಅರ್ಥ. ಯಾಕಂದ್ರೆ ಆ ಮಾತು ಹೇಳಿದವರು ನಾಳೆ ಕೆಲಸ ಬಿಟ್ಟು ಹೋಗಬಹುದು, ಕಂಪ್ಯೂಟರಿನಲ್ಲಿ ಮಾತ್ರ 1,30,000 ಹಾಗೇ ಇರುತ್ತೆ.

ಎಲ್ಲಿ ಎಡವೋದು

ಕಂತು ಕೇಳಿದಾಗ ಆಸ್ಪತ್ರೆಯವರು ಎರಡು ಕಾಗದ ಮುಂದಿಡಬಹುದು. ಎರಡರ ಮುಂದೂ ಸ್ವಲ್ಪ ನಿಲ್ಲಿ.

ಮೊದಲನೆಯದು ಮುಂದಿನ ತಾರೀಖಿನ ಚೆಕ್ಕು. ಆಸ್ಪತ್ರೆ ಬಾಕಿ ಅನ್ನೋದು ಸಿವಿಲ್ ವಿಷಯ. ಕಟ್ಟದಿದ್ದರೆ ಅವರು ವಸೂಲಿಗೆ ದಾವೆ ಹಾಕಬೇಕು. ಆದರೆ ಅದಕ್ಕೆ ಕೊಟ್ಟ ಚೆಕ್ಕು ದುಡ್ಡಿಲ್ಲದೆ ಬೌನ್ಸ್ ಆದರೆ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಸೆಕ್ಷನ್ ಬರುತ್ತೆ, ಅದು ಕ್ರಿಮಿನಲ್ ಕೇಸು. ನೋಟಿಸ್ ಕೈಗೆ ಬಂದ ಮೇಲೆ ದುಡ್ಡು ಕಟ್ಟೋಕೆ 15 ದಿನ ಇರುತ್ತೆ. ಆಗಲೂ ಕಟ್ಟದಿದ್ದರೆ ಕೇಸು ನಡೆದು ಎರಡು ವರ್ಷದವರೆಗೆ ಜೈಲು, ಅಥವಾ ಚೆಕ್ ಮೊತ್ತದ ಎರಡು ಪಟ್ಟಿನವರೆಗೆ ದಂಡ, ಅಥವಾ ಎರಡೂ ಆಗಬಹುದು. ಬ್ಯಾಂಕ್ ಖಾತೆಯಿಂದ ತಾನಾಗೇ ಕಡಿತ ಆಗೋ ಮ್ಯಾಂಡೇಟ್ ಫೇಲ್ ಆದರೂ ಇದೇ ಥರದ ಕಾನೂನು ಇದೆ. ಹಾಗಾಗಿ ಕೈಯಲ್ಲಿ ಕೆಲಸ ಇಲ್ಲದಾಗ 15 ಚೆಕ್ಕಿಗೆ ಒಟ್ಟಿಗೆ ಸಹಿ ಹಾಕಬೇಡಿ. ಯುಪಿಐ ಅಥವಾ ಬ್ಯಾಂಕ್ ಮೂಲಕ ಪ್ರತಿ ತಿಂಗಳು ನಾನೇ ಹಾಕ್ತೀನಿ ಅಂತ ಕೇಳಿ. ಚೆಕ್ಕು ಬೇಕೇ ಬೇಕು ಅಂದರೆ ಮೊದಲ ಎರಡು-ಮೂರು ತಿಂಗಳದ್ದು ಮಾತ್ರ, ಮೊತ್ತ ಮತ್ತು ತಾರೀಖು ತುಂಬಿ ಕೊಡಿ. ಖಾಲಿ ಚೆಕ್ಕಿಗೆ ಸಹಿ ಹಾಕಿ ಕೊಡೋದಂತೂ ಬೇಡವೇ ಬೇಡ.

ಎರಡನೆಯದು ಸಾಲದ ಅರ್ಜಿ. "ಇಎಂಐ ಮಾಡ್ಕೊಡ್ತೀವಿ, ಆಧಾರ್ ಪ್ಯಾನ್ ಕೊಡಿ" ಅಂತ ಕೌಂಟರಿನಲ್ಲಿ ಹೇಳಿದರೆ, ಅದು ಹೆಚ್ಚಾಗಿ ಆಸ್ಪತ್ರೆ ಕೊಡೋ ಕಂತು ಅಲ್ಲ, ಫೈನಾನ್ಸ್ ಕಂಪನಿ ಕೊಡೋ ಸಾಲ. ಆಸ್ಪತ್ರೆಗೆ ದುಡ್ಡು ಒಂದೇ ಸಲ ಸಿಗುತ್ತೆ, ನೀವು ಫೈನಾನ್ಸ್ ಕಂಪನಿಗೆ ಸಾಲಗಾರರಾಗ್ತೀರಿ. ಒಂದು ಕಂತು ತಪ್ಪಿದರೂ ಕ್ರೆಡಿಟ್ ಸ್ಕೋರಿಗೆ ಹೊಡೆತ, ಮೇಲೆ ದಂಡ. ಗುರುತಿಸೋದು ಸುಲಭ: ಒಟಿಪಿ ಕೇಳ್ತಾರೆ, ಕಂತು ಕಟ್ಟಬೇಕಾದ ಹೆಸರು ಆಸ್ಪತ್ರೆಯದ್ದಾಗಿರಲ್ಲ. ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ ಸಾಲ ಕೊಡೋ ಮೊದಲು ಬಡ್ಡಿ, ಪ್ರೊಸೆಸಿಂಗ್ ಫೀ ಎಲ್ಲಾ ಸೇರಿದ ವಾರ್ಷಿಕ ದರ ಇರೋ ಒಂದು ವಿವರ ಪತ್ರ ಕೊಡಲೇಬೇಕು. ಅದನ್ನ ನೋಡದೆ ಒಟಿಪಿ ಹೇಳಬೇಡಿ. ಎಲ್ಲಕ್ಕಿಂತ ಮುಖ್ಯ, ಸಾಲ ಮಂಜೂರಾಗಿ ಆಸ್ಪತ್ರೆಗೆ ಪೂರ್ತಿ ದುಡ್ಡು ಹೋದ ಮೇಲೆ ಮನ್ನಾ ಕೇಳೋಕೆ ಬಾಕಿಯೇ ಉಳಿದಿರಲ್ಲ. ಆದ್ದರಿಂದ ಮೊದಲು ಮನ್ನಾ ಪತ್ರ, ಆಮೇಲೆ ಬೇರೆ ದಾರಿ.

ಇನ್ನೊಂದು ಸಣ್ಣ ವಿಷಯ. ಕಂತನ್ನ ನಗದಾಗಿ ಕಟ್ಟೋದು ಬೇಡ. ಒಂದೇ ವ್ಯವಹಾರಕ್ಕೆ ಒಬ್ಬರಿಂದ 2 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ನಗದು ತಗೊಳ್ಳೋ ಹಾಗಿಲ್ಲ ಅಂತ ಆದಾಯ ತೆರಿಗೆ ಕಾನೂನಿದೆ. ಬೇರೆ ಬೇರೆ ದಿನ ಕಂತಾಗಿ ಕೊಟ್ಟರೂ ಒಟ್ಟು ಲೆಕ್ಕಕ್ಕೆ ಬರುತ್ತೆ. ನಮ್ಮ ಹುಡುಗ ಮೊದಲ 1,50,000 ನಗದಾಗಿ ಕೊಟ್ಟಿದ್ದರೆ ಆಸ್ಪತ್ರೆಯವರು ಕೆಲವು ಕಂತಿನ ನಂತರ ನಗದು ಬೇಡ ಅಂತಾರೆ. ಮೇಲಾಗಿ ಯುಪಿಐನಲ್ಲಿ ಹಾಕಿದ್ದು ಕಳೆದುಹೋಗಲ್ಲ, ರಸೀದಿ ಕಳೆದುಹೋಗುತ್ತೆ.

ಒಪ್ಪದಿದ್ದರೆ?

ಖಾಸಗಿ ಆಸ್ಪತ್ರೆಯಲ್ಲಿ ಚಿಕಿತ್ಸೆ ಮುಗಿದ ಮೇಲೆ ಬಿಲ್ ಕಡಿಮೆ ಮಾಡಿಸಿಕೊಳ್ಳೋದು ನಮ್ಮ ಕಾನೂನಿನ ಹಕ್ಕಲ್ಲ. ಅವರು ಇಲ್ಲ ಅನ್ನಬಹುದು. ಆಗಲೂ ಮೊದಲ ಕಂತನ್ನ ನೀವು ಹೇಳಿದ ತಾರೀಖಿಗೆ ಹಾಕಿ, "ಮನವಿ ಪರಿಶೀಲನೆಯಲ್ಲಿರುವಾಗ ಮೊದಲ ಪಾವತಿ" ಅಂತ ಇಮೇಲ್ ಮಾಡಿ. ಎರಡನೇ ಸಲ ಬರೆಯುವಾಗ ಮನ್ನಾ ಬಿಟ್ಟು ಕಂತು ಮಾತ್ರ ಕೇಳಿ ನೋಡಿ.

ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆ ಈಗ ಉಪಯೋಗಕ್ಕೆ ಬರಲ್ವಾ ಅಂತ ನೀವು ಕೇಳಬಹುದು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದರಲ್ಲಿದೆ. ಆದರೆ ಅದು ಯೋಜನೆಯಡಿ ನೋಂದಾಯಿಸಿದ ಆಸ್ಪತ್ರೆಯಲ್ಲಿ, ಚಿಕಿತ್ಸೆಯ ಹೊತ್ತಲ್ಲೇ ಅನುಮೋದನೆ ತಗೊಂಡು ನಡೆಯೋದು. ಮನೆಗೆ ಬಂದ ಮೇಲೆ ಕಾರ್ಡ್ ತೋರಿಸಿ ಹಳೇ ಬಿಲ್ ಕಡಿಮೆ ಮಾಡಿಸೋಕೆ ಆಗಲ್ಲ. ಮುಂದೆ ಇನ್ನೊಂದು ಆಪರೇಷನ್ ಬಾಕಿ ಇದ್ದರೆ ಮಾತ್ರ ಈಗಲೇ ಅಲ್ಲಿನ ಆರೋಗ್ಯ ಮಿತ್ರರನ್ನ ಭೇಟಿಯಾಗಿ. ಕಟ್ಟಿದ ದುಡ್ಡಿಗೆ ನೆರವು ಬೇಕಾದರೆ ಮುಖ್ಯಮಂತ್ರಿಗಳ ಪರಿಹಾರ ನಿಧಿಗೆ ಬಿಲ್, ಆಧಾರ್, ರೇಷನ್ ಕಾರ್ಡ್ ಸಮೇತ ಅರ್ಜಿ ಹಾಕಬಹುದು. ಸಿಕ್ಕೇ ಸಿಗುತ್ತೆ ಅಂತ ಕಂತಿನ ಲೆಕ್ಕದಲ್ಲಿ ಸೇರಿಸಬೇಡಿ.

ದೂರು ಕೊಡೋ ಜಾಗವೂ ಒಂದಿದೆ. ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಗೆ 2017ರಲ್ಲಿ ಆದ ತಿದ್ದುಪಡಿ ಪ್ರಕಾರ ಪ್ರತಿ ಜಿಲ್ಲೆಯಲ್ಲೂ ಜಿಲ್ಲಾಧಿಕಾರಿ ಅಧ್ಯಕ್ಷತೆಯ ನೋಂದಣಿ ಮತ್ತು ಕುಂದುಕೊರತೆ ಪರಿಹಾರ ಪ್ರಾಧಿಕಾರ ಇದೆ. ಐಟಮ್‌ವಾರು ಬಿಲ್ ಕೊಡ್ತಿಲ್ಲ, ಬಿಲ್ಲಲ್ಲಿ ತಪ್ಪಿದ್ದರೂ ತಿದ್ದುತ್ತಿಲ್ಲ ಅನ್ನೋ ವಿಷಯಕ್ಕೆ ಅಲ್ಲಿಗೆ ಬರೀಬಹುದು. "ಮನ್ನಾ ಮಾಡ್ತಿಲ್ಲ" ಅಂತ ಬರೆದರೆ ಪ್ರಯೋಜನ ಇಲ್ಲ. ಇನ್ನು ಬಾಕಿ ಇದೆ ಅಂತ ಡಿಸ್ಚಾರ್ಜ್ ಸಾರಾಂಶ, ಎಕ್ಸ್‌ರೇ, ವರದಿ ಕೊಡದೆ ಇದ್ದರೆ ಅದು ಬೇರೆ ಮಾತು. ರೋಗಿಯ ಕಡೆಯವರು ಕೇಳಿದರೆ ವೈದ್ಯಕೀಯ ದಾಖಲೆಗಳನ್ನ 72 ಗಂಟೆಯೊಳಗೆ ಕೊಡಬೇಕು ಅಂತ ವೈದ್ಯರ ವೃತ್ತಿ ನಡತೆಯ ನಿಯಮದಲ್ಲೇ ಇದೆ. ಇದನ್ನ ಮನ್ನಾ ಪತ್ರದೊಳಗೆ ತುರುಕದೆ ಬೇರೆ ಪತ್ರವಾಗಿ ಕೇಳಿ. ಒಂದೇ ಕಾಗದದಲ್ಲಿ ಕೋರಿಕೆ, ಜಗಳ ಎರಡೂ ಇದ್ದರೆ ಉತ್ತರ ಜಗಳಕ್ಕೆ ಮಾತ್ರ ಬರುತ್ತೆ.

ಮಧ್ಯೆ ಒಂದು ತಿಂಗಳು ಕಂತು ಕಟ್ಟೋಕೆ ಆಗಲ್ಲ ಅಂತ ಗೊತ್ತಾದರೆ 10ನೇ ತಾರೀಖಿಗೆ ಮುಂಚೆಯೇ ಎರಡು ಸಾಲು ಇಮೇಲ್ ಮಾಡಿ, 500 ರೂಪಾಯಿ ಆದರೂ ಹಾಕಿ, ಉಳಿದದ್ದು ಯಾವಾಗ ಅಂತ ತಾರೀಖು ಹೇಳಿ. ಕೊನೆಯ ಕಂತು ಮುಗಿದ ದಿನ ಆಸ್ಪತ್ರೆಯಿಂದ "ಬಾಕಿ ಏನೂ ಇಲ್ಲ" ಅನ್ನೋ ಪತ್ರ ತಗೊಳ್ಳಿ. ಮುಚ್ಚಳಿಕೆ, ಬಳಸದ ಚೆಕ್ಕು ಏನಾದರೂ ಅವರ ಹತ್ರ ಇದ್ದರೆ ಅದನ್ನೂ ವಾಪಸ್ ಕೇಳಿ.

ಮೇಲಿನ ಪತ್ರವನ್ನ ಕಾಪಿ ಮಾಡಿಕೊಂಡು ನಿಮ್ಮ ಅಂಕಿ ತುಂಬಿ ಬಳಸಿ. ನೀವೂ ಇಂಥ ಪತ್ರ ಬರೆದಿದ್ದರೆ, ಆಸ್ಪತ್ರೆ ಏನು ಉತ್ತರ ಕೊಡ್ತು ಅಂತ ನಮಗೆ ವಾಯ್ಸ್ ನೋಟ್ ಕಳಿಸಿ. ಆಸ್ಪತ್ರೆ ಹೆಸರು ಬೇಡ, ಕೇಳಿದ ಮೊತ್ತ ಮತ್ತು ಸಿಕ್ಕ ಮೊತ್ತ ಹೇಳಿದರೆ ಸಾಕು.